ಫೆಬ್ರವರಿ 29ರ ಲೆಕ್ಕಾಚಾರ

ಒಂದು ವಸಂತ ವಿಷುವದಿಂದ, ಅಂದರೆ ಹಗಲು ರಾತ್ರಿಗಳು ಹೆಚ್ಚುಕಡಿಮೆ ಸಮನಾಗುವ ಮಾರ್ಚ್ ತಿಂಗಳ ಆ ಗಳಿಗೆಯಿಂದ, ಮುಂದಿನ ವಸಂತ ವಿಷುವಕ್ಕೆ ಸರಾಸರಿ ಹೆಚ್ಚುಕಡಿಮೆ 365 ದಿನ 5 ಗಂಟೆ 48 ನಿಮಿಷ 45 ಸೆಕೆಂಡು ಹಿಡಿಯುತ್ತದೆ. ಋತುಗಳು ನಡೆಯುವುದು ಈ ಲೆಕ್ಕದಲ್ಲಿ. ಕ್ಯಾಲೆಂಡರಿಗೆ ಮಾತ್ರ ಇಡೀ ದಿನಗಳೇ ಬೇಕು. ವರ್ಷಕ್ಕೆ 365 ದಿನವೆಂದು ಎಣಿಸುತ್ತ ಹೋದರೆ ನಾಲ್ಕು ವರ್ಷಕ್ಕೆ ಸುಮಾರು ಒಂದು ದಿನ ತಪ್ಪುತ್ತದೆ. ನೂರು ವರ್ಷ ಕಳೆಯುವಷ್ಟರಲ್ಲಿ ಋತುಗಳು ತಾರೀಖುಗಳಿಗಿಂತ 24 ದಿನ ಹಿಂದೆ ಬಿದ್ದಿರುತ್ತವೆ.

ಅಧಿಕ ವರ್ಷ ಇದನ್ನು ಸರಿಪಡಿಸುವ ಬಗೆ ಇತ್ತೀಚಿನ ಕೆಲವು ವಿಷುವಗಳಲ್ಲೇ ಕಾಣುತ್ತದೆ. ಭಾರತೀಯ ಕಾಲಮಾನದಂತೆ 2000ದಲ್ಲಿ ವಿಷುವ ಬಂದದ್ದು ಮಾರ್ಚ್ 20ರ ಮಧ್ಯಾಹ್ನ 1 ಗಂಟೆ 5 ನಿಮಿಷಕ್ಕೆ. ಮರುವರ್ಷ ಅದೇ ದಿನ ಸಂಜೆ 7 ಗಂಟೆ 1 ನಿಮಿಷಕ್ಕೆ ಬಂತು. 2002ರಲ್ಲಿ ನಡುರಾತ್ರಿ ದಾಟಿ ಮಾರ್ಚ್ 21ಕ್ಕೆ ಕಾಲಿಟ್ಟಿತು. 2003ರಲ್ಲಿ 21ರ ಬೆಳಿಗ್ಗೆ ಆರೂವರೆಯಾಯಿತು. ಹೀಗೆ ವರ್ಷವರ್ಷವೂ ಹೆಚ್ಚುಕಡಿಮೆ ಆರು ಗಂಟೆ ತಡ. 2004ರ ಫೆಬ್ರವರಿಗೆ ಒಂದು ದಿನ ಸೇರಿದ್ದರಿಂದ ವಿಷುವ ಮತ್ತೆ ಮಾರ್ಚ್ 20ಕ್ಕೇ ಮರಳಿತು. ಆದರೆ ಮರಳಿದ್ದು 1 ಗಂಟೆ 5 ನಿಮಿಷಕ್ಕಲ್ಲ, 12 ಗಂಟೆ 19 ನಿಮಿಷಕ್ಕೆ. ಬಾಕಿ ತೀರಿದ್ದಷ್ಟೇ ಅಲ್ಲ, ಮುಕ್ಕಾಲು ಗಂಟೆಯಷ್ಟು ಹೆಚ್ಚಾಗಿಯೇ ತೀರಿತ್ತು. ಶತಮಾನದ ವರ್ಷಗಳ ತಕರಾರೆಲ್ಲ ಹುಟ್ಟುವುದು ಈ ಮುಕ್ಕಾಲು ಗಂಟೆಯಿಂದ.

ಕ್ರಿ.ಪೂ. 45ರಲ್ಲಿ ಜೂಲಿಯಸ್ ಸೀಸರ್ ಜಾರಿಗೆ ತಂದ ಪಂಚಾಂಗ ನಾಲ್ಕು ವರ್ಷಕ್ಕೊಮ್ಮೆ, ಯಾವ ವಿನಾಯಿತಿಯೂ ಇಲ್ಲದೆ, ಒಂದು ದಿನ ಸೇರಿಸುತ್ತಿತ್ತು. ಅದರ ವರ್ಷ ನಿಜವಾದ ವರ್ಷಕ್ಕಿಂತ 11 ನಿಮಿಷ ಚಿಲ್ಲರೆ ಉದ್ದ. ಒಬ್ಬ ಮನುಷ್ಯನ ಆಯುಷ್ಯದಲ್ಲಿ ಇದು ಗಮನಕ್ಕೇ ಬರುವುದಿಲ್ಲ. 128 ವರ್ಷಕ್ಕೆ ಒಂದು ದಿನವಾಗುತ್ತದೆ. ಚರ್ಚಿಗೆ ಇದು ತಟ್ಟಿದ್ದು ಈಸ್ಟರ್ ಹಬ್ಬದಿಂದ. ಹಬ್ಬದ ದಿನವನ್ನು ಗೊತ್ತುಮಾಡಲು ವಿಷುವವನ್ನು ಮಾರ್ಚ್ 21 ಎಂದು ಹಿಡಿಯುವುದು ರೂಢಿ. ಕ್ರಿ.ಶ. 325ರ ನೈಸಿಯಾ ಸಭೆಯ ಕಾಲಕ್ಕೆ ಅದು ಹೆಚ್ಚುಕಡಿಮೆ ಸರಿಯಾಗಿಯೂ ಇತ್ತು. ಹದಿನಾರನೆಯ ಶತಮಾನದ ಹೊತ್ತಿಗೆ ಆಕಾಶದ ವಿಷುವ ಮಾರ್ಚ್ 11ರ ಆಸುಪಾಸಿಗೆ ಸರಿದಿತ್ತು.

ಇಟಲಿಯ ವೈದ್ಯ ಅಲೋಶಿಯಸ್ ಲಿಲಿಯಸ್ ರೂಪಿಸಿ, ಗಣಿತಜ್ಞ ಕ್ರಿಸ್ಟೋಫರ್ ಕ್ಲಾವಿಯಸ್ ಸಮರ್ಥಿಸಿದ ತಿದ್ದುಪಡಿಯನ್ನು ಪೋಪ್ 13ನೇ ಗ್ರೆಗರಿ 1582ರಲ್ಲಿ ಜಾರಿಗೊಳಿಸಿದರು. ಆ ವರ್ಷ ಅಕ್ಟೋಬರ್ 4ರ ಗುರುವಾರದ ಮರುದಿನ ಅಕ್ಟೋಬರ್ 15ರ ಶುಕ್ರವಾರ ಬಂತು. ಹತ್ತು ತಾರೀಖು ಮಾಯವಾದವು, ವಾರಗಳ ಸರಣಿ ಮಾತ್ರ ಕಡಿಯಲಿಲ್ಲ.

ಆಗಿಹೋದ ತಪ್ಪನ್ನು ತಿದ್ದಿದರೆ ಸಾಲದು, ಮುಂದೆ ಅದು ಬೆಳೆಯದಂತೆಯೂ ನೋಡಿಕೊಳ್ಳಬೇಕಿತ್ತು. ವರ್ಷಕ್ಕೆ 11 ನಿಮಿಷ ಚಿಲ್ಲರೆಯಂತೆ ನೂರು ವರ್ಷಕ್ಕೆ ಹೆಚ್ಚುವರಿ ಸುಮಾರು 18 ಗಂಟೆ 45 ನಿಮಿಷ. ಪ್ರತಿ ಶತಮಾನದ ಕೊನೆಗೂ ಒಂದು ಅಧಿಕ ದಿನವನ್ನು ಕೈಬಿಟ್ಟರೆ ಐದು ಗಂಟೆಗೂ ಮಿಕ್ಕಿ ಜಾಸ್ತಿ ಕಳೆದಂತಾಗುತ್ತದೆ. ಆದರೆ 400 ವರ್ಷಗಳ ಹೆಚ್ಚುವರಿ ಸುಮಾರು 75 ಗಂಟೆ, ಎಂದರೆ ಮೂರು ದಿನಕ್ಕಿಂತ ಸ್ವಲ್ಪವೇ ಹೆಚ್ಚು. ಹಾಗಾಗಿ 400 ವರ್ಷಗಳಲ್ಲಿ ಮೂರು ಅಧಿಕ ದಿನಗಳನ್ನು ಬಿಡುವುದೆಂದಾಯಿತು. ಯಾವ ಮೂರು ಎಂಬುದಕ್ಕೆ ನೆನಪಿಡಲು ಸುಲಭವಾದ ಗುರುತು ಸಿಕ್ಕಿತು: ಶತಮಾನದ ವರ್ಷ 400ರಿಂದ ನಿಶ್ಶೇಷವಾಗಿ ಭಾಗವಾದರೆ ಮಾತ್ರ ಅಧಿಕ. 1700, 1800, 1900 ಅಧಿಕವಲ್ಲ, 2000 ಅಧಿಕ, 2100 ಅಲ್ಲ. 1752ರಲ್ಲಿ ತಡವಾಗಿ ಒಪ್ಪಿಕೊಂಡ ಬ್ರಿಟನ್ ಹತ್ತರ ಬದಲು ಹನ್ನೊಂದು ದಿನ ಬಿಡಬೇಕಾಗಿ ಬಂದದ್ದು, ಹಳೆಯ ಪಂಚಾಂಗದಲ್ಲಿ 1700 ಅಧಿಕ ವರ್ಷವಾಗಿದ್ದ ಕಾರಣಕ್ಕೇ.

1900ರ ಫೆಬ್ರವರಿ 29 ಇಲ್ಲದಿದ್ದುದರ ಗುರುತು ನಮ್ಮ ಸಂಕ್ರಾಂತಿಯಲ್ಲೂ ಇದೆ. ಸ್ವಾಮಿ ವಿವೇಕಾನಂದರು ಹುಟ್ಟಿದ 1863ರ ಜನವರಿ 12 ಮಕರ ಸಂಕ್ರಾಂತಿಯ ದಿನ. ಈಗ ಹಬ್ಬ ಜನವರಿ 14 ಇಲ್ಲವೇ 15ಕ್ಕೆ ಬರುತ್ತದೆ. 1900ರಲ್ಲಿ ಬಿಟ್ಟ ದಿನ ಅದನ್ನು ಒಂದು ತಾರೀಖು ಮುಂದೆ ತಳ್ಳಿತು. ಉಳಿದ ಸರಿತಕ್ಕೆ ಕಾರಣ ಬೇರೆ: ಸಂಕ್ರಾಂತಿಯನ್ನು ನಕ್ಷತ್ರಗಳ ಹಿನ್ನೆಲೆಯಲ್ಲಿ ಎಣಿಸುವುದರಿಂದ ಆ ನಿರಯನ ವರ್ಷ ಋತುಗಳ ವರ್ಷಕ್ಕಿಂತ 20 ನಿಮಿಷಕ್ಕೂ ಮಿಕ್ಕಿ ಉದ್ದ. ಗ್ರೆಗರಿಯ ನಿಯಮ ಹಿಡಿದಿಟ್ಟಿರುವುದು ಋತುಗಳನ್ನು, ನಕ್ಷತ್ರಗಳನ್ನಲ್ಲ.

ಈ ನಿಯಮವೂ ಪೂರ್ತಿ ಕರಾರುವಾಕ್ಕಲ್ಲ. 400 ವರ್ಷಕ್ಕೆ ಮೂರು ಗಂಟೆಯಷ್ಟು ಇನ್ನೂ ಉಳಿಯುತ್ತದೆ. ಅದು ಒಂದು ದಿನವಾಗಲು ಸುಮಾರು 3,200 ವರ್ಷ ಬೇಕು. 4000ನೇ ವರ್ಷವನ್ನು ಅಧಿಕವಲ್ಲವೆಂದು ಸಾರಬೇಕೆಂಬ ಸಲಹೆ ಹಿಂದೆಯೇ ಬಂದಿತ್ತು, ಯಾರೂ ಅದನ್ನು ಜಾರಿಗೆ ತರಲಿಲ್ಲ. ತರದಿದ್ದುದೇ ಸರಿ ಎನ್ನಬೇಕು. ಸಮುದ್ರದ ಉಬ್ಬರವಿಳಿತಗಳ ಎಳೆತದಿಂದ ಭೂಮಿಯ ಸುತ್ತು ನಿಧಾನವಾಗುತ್ತಿದ್ದು, ದಿನವೇ ಕೂದಲೆಳೆಯಷ್ಟು ಉದ್ದವಾಗುತ್ತಿರುವಾಗ ಅಷ್ಟು ದೂರದ ಲೆಕ್ಕವನ್ನು ಈಗಲೇ ಕಟ್ಟಿಡುವುದರಲ್ಲಿ ಅರ್ಥವಿಲ್ಲ.