ಪ್ಯಾನ್ ನಂಬರ್ ಕೊಟ್ಟರೆ ಐಪಿಒ ಫಲಿತಾಂಶ ನೋಡಿ ತಿಳಿಸುವ ಬಾಟ್: ನಿಮಗೆ ಅದು ಬೇಕೇ?

'ಐಪಿಒಗೆ ಅರ್ಜಿ ಹಾಕಿದ್ದೀರಾ? ಮನೆಯವರೆಲ್ಲರ ಪ್ಯಾನ್ ನಂಬರ್ ಈ ಲಿಂಕ್‌ನಲ್ಲಿ ತುಂಬಿ. ನಮ್ಮ ಬಾಟ್ ಐದು ನಿಮಿಷಕ್ಕೊಮ್ಮೆ ಚೆಕ್ ಮಾಡಿ, ಷೇರು ಸಿಕ್ಕ ಕೂಡಲೇ ಮೆಸೇಜ್ ಕಳಿಸುತ್ತದೆ. ಮೊದಲು ನೋಂದಾಯಿಸಿದವರಿಗೆ ಅವಕಾಶ ಹೆಚ್ಚು!'

ದೊಡ್ಡ ಐಪಿಒ ಬಂದಾಗ ಇಂಥ ಫಾರ್ವರ್ಡ್‌ಗಳು ಗುಂಪುಗಳಲ್ಲಿ ಓಡಾಡುತ್ತವೆ. ಇದರ ಕೊನೆಯ ಸಾಲು ಸುಳ್ಳು. ಉಳಿದ ಕೆಲಸ ತಾಂತ್ರಿಕವಾಗಿ ಸಾಧ್ಯ, ಆದರೆ ಅದಕ್ಕೆ ನಿಮ್ಮ ಪ್ಯಾನ್ ಬೇಕಿಲ್ಲ. ಹೇಗೆಂದು ನೋಡೋಣ.

ಯಾವ ದಿನ ಏನು ಆಗುತ್ತದೆ?

2023ರ ಡಿಸೆಂಬರ್ 1ರಿಂದ ಸೆಬಿ ಎಲ್ಲ ಐಪಿಒಗಳಿಗೂ ಒಂದೇ ವೇಳಾಪಟ್ಟಿ ಕಡ್ಡಾಯ ಮಾಡಿದೆ. ಅರ್ಜಿ ಮುಚ್ಚಿದ ಮೂರನೇ ಕೆಲಸದ ದಿನ ಷೇರು ಮಾರುಕಟ್ಟೆಗೆ ಬರಬೇಕು.

ಒಂದು ಐಪಿಒ ಬುಧವಾರ ಮುಚ್ಚಿತು ಎಂದುಕೊಳ್ಳಿ. ಗುರುವಾರ ಯಾರಿಗೆ ಷೇರು ಎಂಬುದು ತೀರ್ಮಾನವಾಗುತ್ತದೆ. ಶುಕ್ರವಾರ ಸಿಕ್ಕವರ ಡಿಮ್ಯಾಟ್ ಖಾತೆಗೆ ಷೇರು ಬರುತ್ತದೆ, ಸಿಗದವರ ಹಣದ ಮೇಲಿನ ತಡೆ ತೆಗೆಯಲಾಗುತ್ತದೆ. ಶನಿವಾರ, ಭಾನುವಾರ ಲೆಕ್ಕಕ್ಕಿಲ್ಲ. ಸೋಮವಾರ ವಹಿವಾಟು ಶುರು. ನಡುವೆ ರಜೆ ಬಂದರೆ ಒಂದು ದಿನ ಮುಂದಕ್ಕೆ.

ಅಂದರೆ ಬುಧವಾರ ರಾತ್ರಿಯಿಂದ ಗುರುವಾರ ಮಧ್ಯಾಹ್ನದವರೆಗೆ ಎಷ್ಟು ಸಲ ನೋಡಿದರೂ ಹೊಸದೇನೂ ಕಾಣುವುದಿಲ್ಲ. ಗುರುವಾರ ಸಂಜೆ ಆರರ ನಂತರ ಒಮ್ಮೆ, ರಾತ್ರಿ ಒಮ್ಮೆ, ಶುಕ್ರವಾರ ಬೆಳಿಗ್ಗೆ ಒಮ್ಮೆ ನೋಡಿದರೆ ಸಾಕು. ಫೋನಿನ ಕ್ಯಾಲೆಂಡರ್‌ನಲ್ಲಿ ಮೂರು ಅಲಾರಂ ಇಟ್ಟರೆ ಕೆಲಸ ಮುಗಿಯಿತು.

ಫಲಿತಾಂಶ ಬದಲಿಸಬಲ್ಲ ಅಲಾರಂ ಒಂದೇ

ಈ ಮೂರೂ ಅಲಾರಂ ಸುದ್ದಿ ತಿಳಿಸುತ್ತವೆ, ಅಷ್ಟೇ. ನಿಜಕ್ಕೂ ಮುಖ್ಯವಾದ ಅಲಾರಂ ಅದಕ್ಕೂ ಮೊದಲೇ ಇಡಬೇಕಾದದ್ದು.

ಬ್ರೋಕರ್ ಆ್ಯಪ್‌ನಲ್ಲಿ ಅರ್ಜಿ ಹಾಕಿ ಯುಪಿಐ ಐಡಿ ಕೊಟ್ಟ ಮೇಲೆ, ಹಣ ತಡೆಹಿಡಿಯಲು ಒಪ್ಪಿಗೆ ಕೇಳುವ ಮನವಿ ನಿಮ್ಮ ಯುಪಿಐ ಆ್ಯಪ್‌ಗೆ ಬರುತ್ತದೆ. ಇದನ್ನೇ ಮ್ಯಾಂಡೇಟ್ ಎನ್ನುತ್ತಾರೆ. ಕೊನೆಯ ದಿನ ಸಂಜೆ 5 ಗಂಟೆಯೊಳಗೆ ಪಿನ್ ಹಾಕಿ ಅದನ್ನು ಒಪ್ಪದಿದ್ದರೆ ನಿಮ್ಮ ಅರ್ಜಿ ಲೆಕ್ಕಕ್ಕೇ ಬರುವುದಿಲ್ಲ. ಖಾತೆಯಲ್ಲಿ ಹಣ ನಿಜವಾಗಿ ತಡೆಹಿಡಿದ ಅರ್ಜಿಗಳು ಮಾತ್ರ ಹಂಚಿಕೆಗೆ ಹೋಗುತ್ತವೆ.

ಹಾಗಾಗಿ ಬುಧವಾರ ಬೆಳಿಗ್ಗೆ ಒಂದು ಅಲಾರಂ ಇಡಿ. ಹಣ ತಡೆಹಿಡಿದಿರುವ ಬಗ್ಗೆ ಬ್ಯಾಂಕಿನ ಎಸ್ಎಂಎಸ್ ಬಂದಿದೆಯೇ ನೋಡಿ. ಬಂದಿಲ್ಲವಾದರೆ ಸರಿಪಡಿಸಲು ಇನ್ನೂ ಕೆಲವು ಗಂಟೆ ಇರುತ್ತದೆ. ಗುರುವಾರ ಗೊತ್ತಾದರೆ ಮಾಡುವುದಕ್ಕೆ ಏನೂ ಉಳಿದಿರುವುದಿಲ್ಲ.

'4 ಪಟ್ಟು' ಎಂದರೆ ನಾಲ್ವರಲ್ಲಿ ಒಬ್ಬರಿಗೆ ಎಂದಲ್ಲ

ಅರ್ಜಿ ನಡೆಯುತ್ತಿರುವಾಗ ಎಷ್ಟು ಪಟ್ಟು ಬೇಡಿಕೆ ಬಂದಿದೆ ಎಂಬುದನ್ನು ಎನ್‌ಎಸ್‌ಇ ಮತ್ತು ಬಿಎಸ್‌ಇ ಜಾಲತಾಣಗಳು ದಿನವಿಡೀ ತೋರಿಸುತ್ತವೆ. ದೊಡ್ಡ ಸಂಸ್ಥೆಗಳು ಸಾಮಾನ್ಯವಾಗಿ ಕೊನೆಯ ದಿನವೇ ಬಿಡ್ ಹಾಕುವುದರಿಂದ, ಮೊದಲ ದಿನದ ಒಟ್ಟು ಅಂಕಿಯಿಂದ ಏನನ್ನೂ ಊಹಿಸಲಾಗದು. ನೀವು ನೋಡಬೇಕಾದದ್ದು ರಿಟೇಲ್ ಎಂಬ ಸಾಲು, ಅಂದರೆ 2 ಲಕ್ಷ ರೂಪಾಯಿವರೆಗಿನ ಅರ್ಜಿಗಳ ವಿಭಾಗ. ಅದನ್ನೂ ಕೊನೆಯ ದಿನದ ಸಂಜೆ ನೋಡಬೇಕು.

ಒಂದು ಲೆಕ್ಕ ಮಾಡೋಣ. ರಿಟೇಲ್ ವಿಭಾಗಕ್ಕೆ 10 ಲಕ್ಷ ಷೇರು ಇದೆ. 100 ಷೇರಿಗೆ ಒಂದು ಲಾಟ್. ಒಟ್ಟು 10,000 ಲಾಟ್ ಆಯಿತು. 40 ಲಕ್ಷ ಷೇರಿಗೆ ಬೇಡಿಕೆ ಬಂದರೆ ಪರದೆಯ ಮೇಲೆ '4 ಪಟ್ಟು' ಎಂದು ಕಾಣುತ್ತದೆ. ಆದರೆ ಆ ಬೇಡಿಕೆ ಇಟ್ಟವರು 25,000 ಜನ ಮಾತ್ರ ಇರಬಹುದು, ಏಕೆಂದರೆ ಕೆಲವರು ಹೆಚ್ಚು ಲಾಟ್ ಕೇಳಿರುತ್ತಾರೆ. ಇಂಥ ಸಂದರ್ಭದಲ್ಲಿ ಕಂಪ್ಯೂಟರ್ ಲಾಟರಿ ಎತ್ತಿ ಒಬ್ಬರಿಗೆ ಒಂದೇ ಲಾಟ್ ಕೊಡುತ್ತದೆ. 25,000 ಜನರಲ್ಲಿ 10,000 ಮಂದಿಗೆ ಸಿಗುತ್ತದೆ. ಅಂದರೆ ಐವರಲ್ಲಿ ಇಬ್ಬರಿಗೆ.

ಷೇರಿಗೆ 148 ರೂಪಾಯಿ ಎಂದಿಟ್ಟುಕೊಂಡರೆ, 14,800 ರೂಪಾಯಿಗೆ ಒಂದು ಲಾಟ್ ಕೇಳಿದವರಿಗೂ 1,92,400 ರೂಪಾಯಿಗೆ 13 ಲಾಟ್ ಕೇಳಿದವರಿಗೂ ಅವಕಾಶ ಒಂದೇ. ಲಾಟರಿಗೆ ಯಾರು ಮೊದಲು ಅರ್ಜಿ ಹಾಕಿದರು, ಯಾರು ಯಾವ ಬಾಟ್‌ನಲ್ಲಿ ನೋಂದಾಯಿಸಿದರು ಎಂಬುದು ಗೊತ್ತೇ ಇರುವುದಿಲ್ಲ.

ಬಾಟ್‌ಗಳು ಎಡವುವುದು ಎಲ್ಲಿ?

ಹಂಚಿಕೆಯ ಫಲಿತಾಂಶ ಸಿಗುವುದು ಆ ಐಪಿಒದ ರಿಜಿಸ್ಟ್ರಾರ್ ಜಾಲತಾಣದಲ್ಲಿ. ಕೆಫಿನ್ ಟೆಕ್ನಾಲಜೀಸ್, ಎಂಯುಎಫ್‌ಜಿ ಇನ್‌ಟೈಮ್, ಬಿಗ್‌ಶೇರ್ ಇಂಥ ಸಂಸ್ಥೆಗಳು. ನಿಮ್ಮ ಐಪಿಒಗೆ ಯಾರು ರಿಜಿಸ್ಟ್ರಾರ್ ಎಂಬುದು ಕಂಪನಿಯ ಪ್ರಾಸ್ಪೆಕ್ಟಸ್‌ನಲ್ಲಿರುತ್ತದೆ. ಬಿಎಸ್‌ಇ ಜಾಲತಾಣದಲ್ಲೂ (`www.bseindia.com`) ಅರ್ಜಿಯ ಸ್ಥಿತಿ ನೋಡುವ ಪುಟವಿದೆ.

ಅಲ್ಲಿ ಮೂರು ರೀತಿಯ ಉತ್ತರ ಬರಬಹುದು. ಇಷ್ಟು ಷೇರು ಸಿಕ್ಕಿದೆ ಎಂಬುದು ಒಂದು. ಅರ್ಜಿ ಇದೆ, ಸಿಕ್ಕ ಷೇರು ಸೊನ್ನೆ ಎಂಬುದು ಇನ್ನೊಂದು. ದಾಖಲೆಯೇ ಇಲ್ಲ ಎಂಬುದು ಮೂರನೆಯದು. ಮೂರನೆಯದರ ಅರ್ಥ 'ಸಿಕ್ಕಿಲ್ಲ' ಎಂದಲ್ಲ. ಮಾಹಿತಿ ಇನ್ನೂ ಏರಿಲ್ಲದಿರಬಹುದು, ಪ್ಯಾನ್ ಅಂಕಿ ತಪ್ಪಿರಬಹುದು, ಇಲ್ಲವೇ ಮ್ಯಾಂಡೇಟ್ ಆಗದೆ ಅರ್ಜಿಯೇ ಹೋಗಿಲ್ಲದಿರಬಹುದು. ಸರಿಯಾಗಿ ಬರೆಯದ ಬಾಟ್ ಈ ಉತ್ತರವನ್ನೂ 'ಷೇರು ಸಿಕ್ಕಿಲ್ಲ' ಎಂದು ಕಳಿಸಿಬಿಡುತ್ತದೆ. ಇಂಥ ಪುಟಗಳಲ್ಲಿ ಹಲವೆಡೆ ನೀವು ಮನುಷ್ಯರೇ ಎಂದು ಪರೀಕ್ಷಿಸುವ ಕ್ಯಾಪ್ಚಾ ಕೂಡ ಇರುವುದರಿಂದ ಬಾಟ್ ಅರ್ಧದಲ್ಲೇ ನಿಲ್ಲುವುದೂ ಉಂಟು.

ಪ್ಯಾನ್ ಬೇಕಿಲ್ಲ ಎಂದು ನಾವು ಹೇಳಿದ್ದಕ್ಕೆ ಕಾರಣ ಇಲ್ಲಿದೆ. ಫಲಿತಾಂಶ ಸಿದ್ಧವಾದ ಮೇಲೆ ರಿಜಿಸ್ಟ್ರಾರ್ ಪುಟದ ಕಂಪನಿಗಳ ಪಟ್ಟಿಯಲ್ಲಿ ಆ ಐಪಿಒ ಹೆಸರು ಕಾಣಿಸಿಕೊಳ್ಳುತ್ತದೆ. ಪಟ್ಟಿ ಎಲ್ಲರಿಗೂ ತೆರೆದಿರುತ್ತದೆ. ಪ್ರಾಮಾಣಿಕವಾದ ಅಲರ್ಟ್ ಸೇವೆ ಆ ಹೆಸರು ಬಂತೇ ಎಂದು ನೋಡಿ 'ಫಲಿತಾಂಶ ಬಂದಿದೆ' ಎಂದರೆ ಸಾಕು. ಪ್ಯಾನ್ ಹಾಕಿ ನೋಡುವ ಕೆಲಸ ನಿಮ್ಮದು.

ಕೇಳದೆಯೇ ಬರುವ ಸುದ್ದಿ

ನೀವು ಏನೂ ನೋಡದಿದ್ದರೂ ಸುದ್ದಿ ಬರುತ್ತದೆ. ಷೇರು ಸಿಕ್ಕಿದರೆ ಖಾತೆಯಿಂದ 14,800 ಕಡಿತವಾದ ಬ್ಯಾಂಕ್ ಸಂದೇಶ ಬರುತ್ತದೆ, ನಂತರ ಡಿಮ್ಯಾಟ್‌ಗೆ ಷೇರು ಸೇರುತ್ತದೆ. ಸಿಗದಿದ್ದರೆ ತಡೆಹಿಡಿದ ಹಣ ಬಿಡುಗಡೆಯಾಗುತ್ತದೆ. ಶುಕ್ರವಾರ ರಾತ್ರಿಯಾದರೂ ಎರಡೂ ಆಗದಿದ್ದರೆ ಬ್ಯಾಂಕಿಗೆ ಲಿಖಿತ ದೂರು ಕೊಡಿ. ಹಣ ಬಿಡಲು ತಡವಾದರೆ ದಿನಕ್ಕೆ 100 ರೂಪಾಯಿ ಅಥವಾ ಅರ್ಜಿ ಮೊತ್ತದ ಮೇಲೆ ವಾರ್ಷಿಕ ಶೇ 15, ಯಾವುದು ಹೆಚ್ಚೋ ಅಷ್ಟು ಪರಿಹಾರಕ್ಕೆ ನಿಯಮವಿದೆ. ಅಲ್ಲೂ ಪರಿಹಾರವಾಗದಿದ್ದರೆ ಸೆಬಿಯ ಸ್ಕೋರ್ಸ್ ದೂರು ವ್ಯವಸ್ಥೆ ಇದೆ.

ಸತ್ಯಾಂಶ ಏನು?

ಬಾಟ್‌ನಲ್ಲಿ ನೋಂದಾಯಿಸಿದರೆ ಷೇರು ಸಿಗುವ ಅವಕಾಶ ಹೆಚ್ಚುತ್ತದೆ ಎಂಬುದು ಸುಳ್ಳು. ಫಲಿತಾಂಶ ನೋಡಲು ಒಟಿಪಿಯಾಗಲಿ, ಯುಪಿಐ ಪಿನ್ ಆಗಲಿ, ಶುಲ್ಕವಾಗಲಿ ಬೇಕಿಲ್ಲ. 'ನಿಮಗೆ ಷೇರು ಸಿಕ್ಕಿದೆ, ಖಚಿತಪಡಿಸಲು ಹಣ ಕಟ್ಟಿ' ಎಂಬ ಸಂದೇಶ ಬಂದರೆ ಅದು ವಂಚನೆಯೇ, ಏಕೆಂದರೆ ನಿಮ್ಮ ಹಣ ಅರ್ಜಿ ಹಾಕಿದ ದಿನದಿಂದಲೇ ನಿಮ್ಮ ಖಾತೆಯಲ್ಲಿ ತಡೆಹಿಡಿದು ಕುಳಿತಿರುತ್ತದೆ.