ಡೇರಿಯ ಲೆಕ್ಕಕ್ಕೆ ಯಾವ ಚಾರ್ಟ್?

ಪ್ರಶ್ನೆ: ನಮ್ಮೂರ ಹಾಲಿನ ಡೇರಿಯ ಲೆಕ್ಕವನ್ನು ತಪ್ಪು ತಿದ್ದಿ ಎಕ್ಸೆಲ್‌ನಲ್ಲಿ ಇಟ್ಟಿದ್ದೇವೆ. ಡ್ಯಾಶ್‌ಬೋರ್ಡಿಗೆ ಯಾವ ಚಾರ್ಟ್ ಹಾಕಬೇಕು?
– ಓದುಗರೊಬ್ಬರು, ಕುಲಗೋಡ

ಉತ್ತರ: ಮೊದಲು ಪ್ರಶ್ನೆ ಬರೆದುಕೊಳ್ಳಿ, ಚಾರ್ಟ್ ಆಮೇಲೆ. ‘ಹಾಲು ಕಡಿಮೆಯಾಗುತ್ತಿದೆಯೇ?’ ಎಂಬುದು ಕಾಲದ ಪ್ರಶ್ನೆ. ಅದಕ್ಕೆ ದಿನವಾರು ಲೀಟರಿನ ಗೆರೆ ಚಾರ್ಟ್ ಸಾಕು. ಲೆಕ್ಕ ಬರೆಯದ ದಿನವನ್ನು ಸೊನ್ನೆ ಎಂದು ತುಂಬಬೇಡಿ, ಖಾಲಿ ಬಿಡಿ. ಇಲ್ಲದಿದ್ದರೆ ಆ ದಿನ ಹಾಲೇ ಬರಲಿಲ್ಲವೆಂದು ಗೆರೆ ಸುಳ್ಳು ಹೇಳುತ್ತದೆ.

‘ಯಾರ ಹಾಲಿನಲ್ಲಿ ಫ್ಯಾಟ್ ಹೆಚ್ಚು?’ ಎಂಬುದು ಹೋಲಿಕೆ. ಅದಕ್ಕೆ ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿದ ಅಡ್ಡ ಕಂಬಗಳು ಹೊಂದುತ್ತವೆ. ಕಂಬ ಸೊನ್ನೆಯಿಂದಲೇ ಶುರುವಾಗಬೇಕು. 3.4ರಿಂದ ಶುರುಮಾಡಿದರೆ, 4.0 ಫ್ಯಾಟ್‌ನ ಕಂಬ 3.5ರದ್ದಕ್ಕಿಂತ ಆರು ಪಟ್ಟು ಉದ್ದ ಕಾಣುತ್ತದೆ.

ಆಕಳು, ಎಮ್ಮೆ ಹಾಲನ್ನು ಒಂದೇ ಸರಾಸರಿಯಲ್ಲಿ ಬೆರೆಸಬೇಡಿ. ಎಮ್ಮೆ ಹಾಲಿನಲ್ಲಿ ಫ್ಯಾಟ್ ಹೆಚ್ಚು. ಆಕಳ ಹಾಲು ಹೆಚ್ಚು ಬಂದ ತಿಂಗಳು ಗುಣಮಟ್ಟ ಕೆಡದಿದ್ದರೂ ಸರಾಸರಿ ಇಳಿಯುತ್ತದೆ. ಎರಡು ಬೇರೆ ಗೆರೆ ಎಳೆದರೆ, ಇಳಿದದ್ದು ಫ್ಯಾಟೋ, ಬದಲಾದದ್ದು ಎರಡು ಹಾಲುಗಳ ಪ್ರಮಾಣವೋ ಎಂದು ತಿಳಿಯುತ್ತದೆ.

ಹತ್ತಾರು ಜನರ ಪಾಲನ್ನು ದುಂಡು ಚಾರ್ಟಿನಲ್ಲಿ ಹಾಕಬೇಡಿ. ಸಣ್ಣ ತುಂಡುಗಳಲ್ಲಿ ಯಾವುದು ದೊಡ್ಡದೆಂದು ಕಣ್ಣಿಗೆ ತಿಳಿಯದು.