ಲಾಭ ಏರಿತು, ಷೇರು ಬಿತ್ತು: ಕುಸಿತದಲ್ಲಿ ಫಲಿತಾಂಶದ ಪಾಲೆಷ್ಟು?

2023ರ ಏಪ್ರಿಲ್ 13, ಗುರುವಾರ. ಷೇರುಪೇಟೆ ಬಾಗಿಲು ಹಾಕಿದ ಮೇಲೆ ಬೆಂಗಳೂರಿನ ಇನ್ಫೋಸಿಸ್ ತನ್ನ ತ್ರೈಮಾಸಿಕ ಫಲಿತಾಂಶ ಪ್ರಕಟಿಸಿತು. ನಿವ್ವಳ ಲಾಭ 6,128 ಕೋಟಿ ರೂಪಾಯಿ, ಹಿಂದಿನ ವರ್ಷದ ಇದೇ ಅವಧಿಗಿಂತ ಶೇ 7.8ರಷ್ಟು ಹೆಚ್ಚು. ಆದರೂ ಪೇಟೆ ಮತ್ತೆ ತೆರೆದಾಗ ಷೇರು ಒಂದೇ ದಿನದಲ್ಲಿ ಸುಮಾರು ಶೇ 9.4ರಷ್ಟು ಕುಸಿಯಿತು. ಹೂಡಿಕೆದಾರರು ನಿರೀಕ್ಷಿಸಿದ್ದು ಇನ್ನೂ ಹೆಚ್ಚಿನದನ್ನು. ಮೇಲಾಗಿ, ಮುಂದಿನ ವರ್ಷದ ಆದಾಯ ಬೆಳವಣಿಗೆ ಶೇ 4ರಿಂದ 7ರಷ್ಟೇ ಇರಬಹುದು ಎಂದು ಕಂಪನಿಯೇ ಹೇಳಿತ್ತು.

ಆದರೆ ಅದೇ ದಿನ ಸೆನ್ಸೆಕ್ಸ್ ಕೂಡ 520 ಅಂಶ, ಅಂದರೆ ಶೇ 0.86ರಷ್ಟು ಇಳಿದಿತ್ತು. ಹಾಗಾದರೆ ಕುಸಿತದಲ್ಲಿ ಪೇಟೆಯ ಪಾಲೆಷ್ಟು, ಫಲಿತಾಂಶದ ಪಾಲೆಷ್ಟು? ಇದನ್ನು ಬೇರ್ಪಡಿಸುವ ವಿಧಾನಕ್ಕೆ ಅರ್ಥಶಾಸ್ತ್ರಜ್ಞರು ‘ಘಟನಾ ಅಧ್ಯಯನ’ ಎನ್ನುತ್ತಾರೆ.

ಮೊದಲು ತೀರ್ಮಾನಿಸಬೇಕಾದದ್ದು ಘಟನೆಯ ದಿನ. ಸುದ್ದಿ ಬಂದದ್ದು ಗುರುವಾರವಾದರೂ ಅಷ್ಟರಲ್ಲಿ ಆ ದಿನದ ವಹಿವಾಟು ಮುಗಿದಿತ್ತು. ಶುಕ್ರವಾರ ಅಂಬೇಡ್ಕರ್ ಜಯಂತಿಯ ರಜೆ, ಆಮೇಲೆ ವಾರಾಂತ್ಯ. ಸುದ್ದಿಗೆ ಬೆಲೆ ಸ್ಪಂದಿಸಲು ಸಾಧ್ಯವಾದ ಮೊದಲ ದಿನ ಏಪ್ರಿಲ್ 17ರ ಸೋಮವಾರ. ಅದೇ ಲೆಕ್ಕದ ಸೊನ್ನೆಯ ದಿನ. ಪ್ರಕಟಣೆಯ ತಾರೀಖನ್ನೇ ನಂಬಿ ಗುರುವಾರವನ್ನು ಸೊನ್ನೆ ಎಂದುಕೊಂಡರೆ, ಕುಸಿತವೆಲ್ಲ ಮರುದಿನದ ಖಾತೆಗೆ ಹೋಗಿಬಿಡುತ್ತದೆ.

ಮುಂದಿನ ಪ್ರಶ್ನೆ, ಈ ಸುದ್ದಿ ಇಲ್ಲದಿದ್ದರೆ ಷೇರು ಎಷ್ಟು ಏರಿಳಿಯುತ್ತಿತ್ತು ಎಂಬುದು. ಇದಕ್ಕಾಗಿ ಸಾಮಾನ್ಯವಾಗಿ ಘಟನೆಗೆ ಮುಂಚಿನ ನೂರಿನ್ನೂರು ವಹಿವಾಟು ದಿನಗಳನ್ನು ತೆಗೆದುಕೊಂಡು, ಸೂಚ್ಯಂಕ ಶೇ 1ರಷ್ಟು ಚಲಿಸಿದಾಗ ಈ ಷೇರು ಸರಾಸರಿ ಎಷ್ಟು ಚಲಿಸಿದೆ ಎಂದು ಅಂದಾಜಿಸುತ್ತಾರೆ. ಆ ಸಂಖ್ಯೆಯೇ ಬೀಟಾ. ಫಲಿತಾಂಶದ ಗುಸುಗುಸು ಲೆಕ್ಕಕ್ಕೆ ನುಸುಳದಿರಲಿ ಎಂದು ಘಟನೆಗೆ ತೀರಾ ಹತ್ತಿರದ ದಿನಗಳನ್ನು ಕೈಬಿಡುತ್ತಾರೆ. ಇದಕ್ಕಿಂತ ಸರಳವಾದ ದಾರಿಯೂ ಇದೆ: ಬೀಟಾ 1 ಎಂದು ಹಿಡಿದು, ಷೇರಿನ ಪ್ರತಿಫಲದಿಂದ ಸೂಚ್ಯಂಕದ ಪ್ರತಿಫಲವನ್ನು ನೇರವಾಗಿ ಕಳೆಯುವುದು. ಉಳಿಯುವುದೇ ಅಸಹಜ ಪ್ರತಿಫಲ.

ಸೋಮವಾರದ ಲೆಕ್ಕ ಹೀಗೆ: −9.40 − (−0.86) = −8.54.

ಗುರುವಾರವೂ ಷೇರು ಸುಮಾರು ಶೇ 2.76ರಷ್ಟು ಇಳಿದಿತ್ತು, ಅಂದು ಸೆನ್ಸೆಕ್ಸ್ ಮಾತ್ರ ಶೇ 0.06ರಷ್ಟು ಏರಿತ್ತು. ಹಾಗಾಗಿ ಆ ದಿನದ ಅಸಹಜ ಪ್ರತಿಫಲ −2.82. ಎರಡನ್ನೂ ಕೂಡಿದರೆ −11.36. ಇದು ಆ ಎರಡು ದಿನಗಳ ಸಂಚಿತ ಅಸಹಜ ಪ್ರತಿಫಲ.

ಇದು ದೊಡ್ಡ ಸಂಖ್ಯೆಯೇ? ಯಾವ ಸುದ್ದಿಯೂ ಇಲ್ಲದ ದಿನಗಳಲ್ಲೂ ಷೇರು ಅಷ್ಟಿಷ್ಟು ಓಲಾಡುತ್ತದೆ. ಆ ಓಲಾಟದ ಪ್ರಮಾಣಿತ ವಿಚಲನೆ ದಿನಕ್ಕೆ ಶೇ 1.5 ಎಂದಿಟ್ಟುಕೊಳ್ಳೋಣ. ಎರಡು ದಿನಕ್ಕೆ ಅದನ್ನು ಎರಡರ ವರ್ಗಮೂಲದಿಂದ ಗುಣಿಸಬೇಕು, ಸುಮಾರು 2.1 ಬರುತ್ತದೆ. ನಮಗೆ ಸಿಕ್ಕ ಅಂಕಿ ಅದರ ಐದು ಪಟ್ಟಿಗೂ ಮಿಕ್ಕಿದ್ದು. ಇದನ್ನು ಆಕಸ್ಮಿಕ ಎನ್ನುವುದು ಕಷ್ಟ.

ಇಷ್ಟಾದರೂ ಲೆಕ್ಕದಲ್ಲಿ ಒಂದು ತೊಡಕು ಅಡಗಿದೆ. ಇನ್ಫೋಸಿಸ್ ಸ್ವತಃ ಸೆನ್ಸೆಕ್ಸ್‌ನ ಭಾರಿ ತೂಕದ ಷೇರು. ಅದರ ತೂಕ ಶೇ 8 ಎಂದಿಟ್ಟುಕೊಂಡರೆ, ಸೂಚ್ಯಂಕದ 0.86ರ ಇಳಿಕೆಯಲ್ಲಿ ಸುಮಾರು 0.75 ಇನ್ಫೋಸಿಸ್‌ನಿಂದಲೇ ಬಂದದ್ದು! ‘ಪೇಟೆಯ ಪಾಲು’ ಎಂದು ನಾವು ಕಳೆದದ್ದು ಬಹುಪಾಲು ಇನ್ಫೋಸಿಸ್‌ನದೇ ಕುಸಿತ. ಅದನ್ನು ಹೊರಗಿಟ್ಟರೆ ಉಳಿದ ಪೇಟೆ ಇಳಿದದ್ದು ಶೇ 0.12ರಷ್ಟು ಮಾತ್ರ, ಸೋಮವಾರದ ಅಸಹಜ ಪ್ರತಿಫಲ −9.3ರ ಹತ್ತಿರಕ್ಕೆ ಹೋಗುತ್ತದೆ. ದೊಡ್ಡ ಕಂಪನಿಗಳ ಅಧ್ಯಯನದಲ್ಲಿ ಇದನ್ನು ಮರೆಯುವುದು ಸುಲಭ, ಮರೆಯಬಾರದು.

ಗುರುವಾರದ ಇಳಿಕೆಯನ್ನು ಏನೆಂದು ಓದಬೇಕು ಎಂಬುದು ಇನ್ನೂ ಸೂಕ್ಷ್ಮ. ಒಳಗಿನ ಸುದ್ದಿ ಸೋರಿತು ಎಂದು ಯಾರಾದರೂ ತಟ್ಟನೆ ಹೇಳಬಹುದು. ಆದರೆ ಬುಧವಾರ ಸಂಜೆಯೇ ಟಿಸಿಎಸ್ ತನ್ನ ಫಲಿತಾಂಶ ಪ್ರಕಟಿಸಿತ್ತು. ಅದನ್ನು ಕಂಡ ಹೂಡಿಕೆದಾರರು ಇನ್ಫೋಸಿಸ್ ಬಗ್ಗೆಯೂ ಅಂದಾಜು ತಗ್ಗಿಸಿಕೊಂಡಿರಬಹುದು. ಸಂಚಿತ ಅಂಕಿಯೊಂದರಿಂದಲೇ ಈ ಎರಡನ್ನು ಬೇರ್ಪಡಿಸಲು ಆಗದು. ಸೆನ್ಸೆಕ್ಸ್ ಬದಲು ಇತರ ಐಟಿ ಷೇರುಗಳನ್ನು ಅಳತೆಗೋಲು ಮಾಡಿಕೊಂಡರೆ ಇಡೀ ಉದ್ಯಮದ ಪಾಲು ಒಂದಷ್ಟು ಬೇರೆಯಾಗುತ್ತದೆ.

ಒಂದೇ ಕಂಪನಿಯ ಒಂದೇ ಪ್ರಕಟಣೆಯಲ್ಲಿ ಇಂಥ ಗೋಜಲು ಉಳಿದೇ ಉಳಿಯುತ್ತದೆ. ಅದಕ್ಕೇ ಸಂಶೋಧಕರು ನೂರಾರು ಪ್ರಕಟಣೆಗಳನ್ನು ಸೊನ್ನೆಯ ದಿನಕ್ಕೆ ಹೊಂದಿಸಿ ಸರಾಸರಿ ತೆಗೆಯುತ್ತಾರೆ. 1968ರಲ್ಲಿ ರೇ ಬಾಲ್ ಮತ್ತು ಫಿಲಿಪ್ ಬ್ರೌನ್ ಅಮೆರಿಕದ 261 ಕಂಪನಿಗಳ ವಾರ್ಷಿಕ ಗಳಿಕೆಯನ್ನು ಹೀಗೆ ಪರೀಕ್ಷಿಸಿದಾಗ, ಬೆಲೆಯ ಹೊಂದಾಣಿಕೆಯ ಬಹುಭಾಗ ಪ್ರಕಟಣೆಗೆ ಮುಂಚಿನ ತಿಂಗಳುಗಳಲ್ಲೇ ಮುಗಿದಿರುವುದು ಕಂಡಿತು. ಎರಡು ದಿನಗಳ ಕಿಟಕಿಯಲ್ಲಿ ಕಾಣುವುದು ಪೇಟೆ ಮೊದಲೇ ಊಹಿಸದೆ ಬಿಟ್ಟ ಭಾಗ ಮಾತ್ರ.